ಮಾತ್ರೆ ಸ್ಟ್ರಿಪ್ಪಿನ ತಾರೀಕು ಓದಲು: ಫ್ಲ್ಯಾಶ್, ಮೋಡದ ಬೆಳಕು, ಓರೆ ಟಾರ್ಚು, ಪೆನ್ಸಿಲು

ಒಂದೇ ಸ್ಟ್ರಿಪ್ಪು, ಒಂದೇ ಫೋನು. ಬದಲಾಯಿಸಿದ್ದು ಬೆಳಕನ್ನು ಮಾತ್ರ. ಸ್ಟ್ರಿಪ್ಪಿನ ಬೆನ್ನಿಗೆ ಕಪ್ಪು ಶಾಯಿಯ ಹೆಸರು, ಅರ್ಧ ಉಜ್ಜಿಹೋಗಿದೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ಅಂಚಿನಲ್ಲಿವೆ, ಶಾಯಿಯಿಲ್ಲದೆ ಬರೀ ಒತ್ತಿದ ಅಕ್ಷರದಲ್ಲಿ.

ಫ್ಲ್ಯಾಶ್ ಎರಡಕ್ಕೂ ಸೋತಿತು. ಅದರ ದೀಪ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ನೇರಕ್ಕೆ ಹಿಡಿದ ಫಾಯಿಲು ಕನ್ನಡಿಯ ಹಾಗೆ ಬೆಳಕನ್ನು ಲೆನ್ಸಿಗೇ ವಾಪಸು ಕಳಿಸುತ್ತದೆ. ಬೇಕಾದ ಜಾಗದಲ್ಲೇ ಬಿಳಿ ಮಚ್ಚೆ ಕೂರುತ್ತದೆ.

ಶಾಯಿಗೆ ಗೆದ್ದದ್ದು ಜಗುಲಿಯ ಬೆಳಕು. ಮಲೆನಾಡಿನ ಆಷಾಢದ ಆಕಾಶ ಎಂದರೆ ದೊಡ್ಡದೊಂದು ಬಿಳಿ ಪರದೆ. ಆ ಆಕಾಶವೇ ಫಾಯಿಲಿನಲ್ಲಿ ಪ್ರತಿಫಲಿಸುವಷ್ಟು ಸ್ಟ್ರಿಪ್ಪನ್ನು ವಾಲಿಸಿದರೆ ಲೋಹವೆಲ್ಲ ಬೆಳ್ಳಗಾಗಿ, ಅಳಿದುಳಿದ ಶಾಯಿ ಕಪ್ಪಾಗಿ ಎದ್ದು ಕಾಣುತ್ತದೆ. ಮಾಡಿನ ಅಂಚೋ ನಿಮ್ಮ ಕೈಯೋ ಪ್ರತಿಫಲಿಸಿದರೆ ಅಷ್ಟು ಭಾಗ ಕಪ್ಪಾಗಿ ಅಕ್ಷರ ಅದರೊಳಗೆ ಮುಳುಗುತ್ತದೆ. ಕರೆಂಟಿದ್ದ ರಾತ್ರಿ ಬಿಳಿ ಹಾಳೆಯೊಂದಕ್ಕೆ ಬಲ್ಬಿನ ಬೆಳಕು ಬೀಳಿಸಿ, ಆ ಹಾಳೆಯನ್ನು ಪ್ರತಿಫಲಿಸಿದರೂ ಆಯಿತು. ಫೋನನ್ನು ತೀರಾ ಹತ್ತಿರ ಒಯ್ಯಬೇಡಿ, ಫೋಕಸ್ ತಪ್ಪುತ್ತದೆ. ಸುಮಾರು 20 ಸೆಂ.ಮೀ. ದೂರದಿಂದ 2 ಪಟ್ಟು ಜೂಮ್ ಸಾಕು. ಆಮೇಲೆ ಫೋಟೋವನ್ನು ಕಪ್ಪು-ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ. ಸ್ವಚ್ಛವಾಗಲಿ ಎಂದು ಸ್ಯಾನಿಟೈಸರ್ ಹಾಕಿ ಒರೆಸಿದರೆ ಇದ್ದ ಶಾಯಿಯೂ ಬಟ್ಟೆಗೆ ಬಂದೀತು.

ಅದೇ ಜಗುಲಿಯಲ್ಲಿ ಒತ್ತಿದ ಅಕ್ಷರ ಬಹುಪಾಲು ಮಾಯ. ಅದಕ್ಕೆ ಸ್ವಂತ ಬಣ್ಣವಿಲ್ಲ, ಕಾಣುವುದು ನೆರಳಿನಿಂದ. ಎಲ್ಲ ಕಡೆಯಿಂದ ಬರುವ ಬೆಳಕು ನೆರಳನ್ನೇ ಅಳಿಸುತ್ತದೆ. ಇಲ್ಲಿ ಕೋಣೆಯನ್ನು ಕತ್ತಲೆ ಮಾಡಿ, ಇನ್ನೊಂದು ಫೋನಿನ ಟಾರ್ಚನ್ನು ಮೇಜಿಗೆ ತಾಗುವಷ್ಟು ತಗ್ಗಿಸಿ, ಒಂದು ಗೇಣು ದೂರದಿಂದ ಓರೆಯಾಗಿ ಬಿಡಬೇಕು. ಫೋಟೋ ತೆಗೆಯುವ ಫೋನಿನ ಪರದೆ ಮುಟ್ಟಿ ಚಿತ್ರದ ಬೆಳಕಿನ ಮಟ್ಟವನ್ನು ತುಸು ಇಳಿಸಿ.

ಒಂದೇ ಫೋಟೋ ನಂಬಿದರೆ ಮಾತ್ರ ಮೋಸ. ಬೆಳಕು ಹರಿಯುವ ದಿಕ್ಕಿಗೇ ಇರುವ ಗೆರೆಗೆ ನೆರಳು ಬೀಳುವುದಿಲ್ಲ. ಬ್ಯಾಚ್ ನಂಬರಿನಲ್ಲಿದ್ದ B, ಟಾರ್ಚು ಮೇಲಿನಿಂದ ಬಂದಾಗ ಎಡಗಡೆಯ ಉದ್ದ ಗೆರೆ ಕಳೆದುಕೊಂಡು 3ರಂತೆ ಕಂಡಿತು. ಟಾರ್ಚನ್ನು ಎಡಗಡೆಗೆ ಒಯ್ದದ್ದೇ ಆ ಗೆರೆ ಎದ್ದಿತು. ಹಾಗಾಗಿ ಎಡದಿಂದ ಒಂದು, ಮೇಲಿನಿಂದ ಒಂದು, ಎರಡು ಫೋಟೋ ಬೇಕೇ ಬೇಕು.

ಪೆನ್ಸಿಲ್ ಉಜ್ಜುವ ಹಳೆಯ ಉಪಾಯ ಮೂರನೆಯ ಸಾಕ್ಷಿ. ತೆಳು ಕಾಗದವನ್ನು ಅಂಚಿನ ಮೇಲಿಟ್ಟು ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಆಡಿಸಿ. ಅಕ್ಷರ ಉಬ್ಬಿದ ಬದಿ ಹಿಂದುಮುಂದಾಗಿದ್ದರೆ ಕಾಗದವನ್ನು ತಿರುವಿ ಬೆಳಕಿಗೆ ಹಿಡಿದು ಓದಿ. ಮಾತ್ರೆಯ ಗುಳಿಯ ಮೇಲೆ ಮಾತ್ರ ಬೇಡ: ಫಾಯಿಲು ಹರಿದರೆ ನಮ್ಮ ಮಳೆಗಾಲದ ತೇವ ಒಳಗೇ ಹೋಗುತ್ತದೆ.

ಫೋನಿನ ಶಾರ್ಪ್‌ನೆಸ್ ಪೂರ್ತಿ ಏರಿಸಿದ ಚಿತ್ರವನ್ನು ಲೆಕ್ಕಕ್ಕಿಡಬೇಡಿ, ಮಸುಕು ಅಂಕಿಗೆ ಅದು ಇಲ್ಲದ ಅಂಚು ಮೂಡಿಸುತ್ತದೆ. ಎರಡು ಫೋಟೋ ಎರಡು ತಾರೀಕು ಹೇಳಿದರೆ ಮೆಡಿಕಲ್ ಶಾಪಿನ ಬಿಲ್ಲು ಹುಡುಕಿ, ಬ್ಯಾಚ್ ನಂಬರು ತಾಳೆ ನೋಡಿ. ಅದೂ ಸಿಗದಿದ್ದರೆ ಆ ಮಾತ್ರೆ ನುಂಗಬೇಡಿ.