ಮನೆ ಕಟ್ಟೋದರ ಟೈಮ್‌ಲ್ಯಾಪ್ಸ್: ಒಂದು ನಿಮಿಷವಾ, ಹತ್ತು ನಿಮಿಷವಾ, ದಿನಕ್ಕೊಂದು ಫೋಟೋನಾ?

ಕೊಪ್ಪಳದ ಭಾಗ್ಯನಗರದಲ್ಲಿ ಅಣ್ಣ ಮನೆ ಕಟ್ಟಿಸಿದ. ಕೆಳಗೊಂದು ಮಹಡಿ, ಮೇಲೊಂದು ಮಹಡಿ, ಅಂದಾಜು ಎಂಟು ತಿಂಗಳ ಕೆಲಸ. ಎದುರು ಮನೆಯವರ ಮಾಳಿಗೆ ಮೇಲೆ ನನ್ನ ಹಳೆಯ ಡಿಎಸ್‌ಎಲ್‌ಆರ್ ಇಟ್ಟು, ಹೊರಗಿನ ಟೈಮರ್ ರಿಮೋಟ್ ಸಿಕ್ಕಿಸಿ, ಪೂರ್ತಿ ಕೆಲಸವನ್ನ ಟೈಮ್‌ಲ್ಯಾಪ್ಸ್ ಮಾಡಿದೆ. ಎಷ್ಟು ಹೊತ್ತಿಗೊಂದು ಫೋಟೋ ತೆಗೀಬೇಕು ಅನ್ನೋದನ್ನ ಮೂರು ಥರ ಮಾಡಿ ನೋಡಿದ್ದೇನೆ, ಅದನ್ನೇ ಇಲ್ಲಿ ಬರೀತಿದ್ದೇನೆ.

ಮೊದಲು ಒಂದು ನಿಮಿಷ. ಪಾಯದ ಗುಂಡಿ ತೋಡುವಾಗ ಎರಡು ದಿನ ಹೀಗೆ ತೆಗೆದೆ. ನೋಡೋಕೆ ತುಂಬಾ ಚೆನ್ನಾಗಿತ್ತು, ಮಣ್ಣಿನ ಗುಡ್ಡೆ ಮೆಲ್ಲಗೆ ಬೆಳೆಯೋದು ಕಾಣ್ತಿತ್ತು. ಆದರೆ ಲೆಕ್ಕ ಹಾಕಿದಾಗ ಕೈಬಿಟ್ಟೆ. ನನ್ನ ರಿಮೋಟ್‌ಗೆ ಹಗಲು ರಾತ್ರಿ ಗೊತ್ತಿಲ್ಲ, ಒಮ್ಮೆ ಶುರು ಮಾಡಿದರೆ ಇಪ್ಪತ್ನಾಲ್ಕು ಗಂಟೆನೂ ತೆಗೀತಾ ಹೋಗುತ್ತೆ. ಅಂದರೆ ದಿನಕ್ಕೆ 1,440 ಫೋಟೋ, 240 ದಿನಕ್ಕೆ 3,45,600. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಶಟರ್‌ಗೆ ಒಂದು ಲಕ್ಷದ ಸುತ್ತಮುತ್ತ ಬಾಳಿಕೆ ಅಂತ ಹೇಳಿರ್ತಾರೆ. ಮನೆ ಮುಗಿಯೋ ಮೊದಲೇ ಕ್ಯಾಮೆರಾ ಮುಗಿಯುತ್ತೆ ಅಲ್ವಾ? ಅದೇ ಹತ್ತು ನಿಮಿಷಕ್ಕೊಂದು ಅಂದರೆ ದಿನಕ್ಕೆ 144, ಎಂಟು ತಿಂಗಳಿಗೆ 34,560. ಇದು ತಡೆಯುತ್ತೆ. ರಾತ್ರಿಯ ಫೋಟೋ ಆಮೇಲೆ ಅಳಿಸ್ತೀವಿ ನಿಜ, ಆದರೆ ಶಟರ್ ಲೆಕ್ಕದಲ್ಲಿ ಅವೂ ಸೇರುತ್ತವೆ. ಒಟ್ಟು ಫೋಟೋ ಎಷ್ಟು ಅಂತ ಲೆಕ್ಕ ಹಾಕುವಾಗ ಬರೀ ಕೆಲಸದ ಗಂಟೆ ಹಿಡಿಯಬೇಡಿ.

ಹಾಗಾಗಿ ಹತ್ತು ನಿಮಿಷಕ್ಕೆ ಬದಲಾಯಿಸಿದೆ. ಅಲ್ಲೇ ಒಂದು ಪೆಟ್ಟು ಬಿತ್ತು. ರಿಮೋಟ್‌ನಲ್ಲಿ ಎಷ್ಟು ಫೋಟೋ ಅನ್ನೋ ಕಡೆ ಇದ್ದದ್ದರಲ್ಲೇ ದೊಡ್ಡ ಸಂಖ್ಯೆ 399 ಇಟ್ಟು ಬಂದೆ. ದಿನಕ್ಕೆ 144 ಅಂದರೆ ಮೂರನೇ ದಿನವೇ 399 ಮುಗಿದು ಸುಮ್ನೆ ನಿಂತುಬಿಟ್ಟಿದೆ. ಭಾನುವಾರ ಕಾರ್ಡ್ ತೆಗೆಯೋಕೆ ಹೋದಾಗ ಗೊತ್ತಾಯ್ತು. ಪಿಲ್ಲರ್ ಎದ್ದ ನಾಲ್ಕು ದಿನ ಪೂರ್ತಿ ಹೋಯ್ತು. ಅವನ್ನ ಮತ್ತೆ ತೆಗೆಯೋಕೆ ಆಗಲ್ಲ, ಅದು ಇವತ್ತಿಗೂ ಬೇಜಾರು. ಇಂಥ ರಿಮೋಟ್‌ಗಳಲ್ಲಿ ಸಾಮಾನ್ಯವಾಗಿ 1ಕ್ಕಿಂತ ಕೆಳಗೆ ಹೋದರೆ `--` ಅಂತ ಬರುತ್ತೆ, ಅದು ನಿಲ್ಲಿಸೋ ತನಕ ತೆಗೀತಾ ಇರು ಅಂತ ಅರ್ಥ. ಅದನ್ನೇ ಇಡಿ, ಮರುದಿನ ಹೋಗಿ ಒಮ್ಮೆ ನೋಡಿ.

ಇನ್ನು ಹತ್ತು ನಿಮಿಷ ಹೇಗಿತ್ತು ಅಂದರೆ, ಗೋಡೆಗೆ ಹೇಳಿ ಮಾಡಿಸಿದ ಹಾಗಿತ್ತು. ನಮ್ಮಲ್ಲಿ ಗೌಂಡಿಗಳು ಒಂದು ಗೋಡೆಯಲ್ಲಿ ಒಂದು ಸಾಲು ಇಟ್ಟಿಗೆ ಮುಗಿಸೋಕೆ ಅರ್ಧ ಗಂಟೆ, ನಲವತ್ತು ನಿಮಿಷ ತಗೊಳ್ತಿದ್ದರು. ಹಾಗಾಗಿ ಒಂದು ಸಾಲಿಗೆ ಮೂರು ನಾಲ್ಕು ಫೋಟೋ ಸಿಕ್ಕವು, ಗೋಡೆ ಬೆಳೆದ ಹಾಗೆ ಕಾಣುತ್ತೆ. ಅದರಲ್ಲೇ ಮೂರರಲ್ಲಿ ಎರಡು ಬಿಟ್ಟು, ಅಂದರೆ ಅರ್ಧ ಗಂಟೆಗೊಂದರ ಹಾಗೆ ಜೋಡಿಸಿ ನೋಡಿದೆ. ಗೋಡೆ ಒಂದೊಂದೇ ಸಾಲು ಹಾರಿ ಹಾರಿ ಏರಿತು. ಆಗ ನನಗೆ ಒಂದು ಅಳತೆ ಸಿಕ್ಕಿತು: ಯಾವುದು ಬೆಳೆಯೋದು ಕಾಣಬೇಕೋ, ಅದರ ಒಂದು ಹೆಜ್ಜೆಗೆ ಮೂರು ನಾಲ್ಕು ಫೋಟೋ ಬೇಕು.

ಇದು ಸ್ಲ್ಯಾಬ್ ದಿನ ಚೆನ್ನಾಗಿ ಗೊತ್ತಾಗುತ್ತೆ. ಕೆಳಗಿನ ಮಹಡಿ ಸ್ಲ್ಯಾಬ್ ಹಾಕಿದ ದಿನವೂ ಹತ್ತು ನಿಮಿಷವೇ ಇತ್ತು. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಅಷ್ಟೊಂದು ಜನ, ಮಿಕ್ಸರ್ ಸದ್ದು, ಓಡಾಟ. ಸಿಕ್ಕಿದ್ದು 54 ಫೋಟೋ. ಸೆಕೆಂಡಿಗೆ 25 ಫೋಟೋ ಲೆಕ್ಕದಲ್ಲಿ ಎರಡೇ ಸೆಕೆಂಡು! ಜನ ಒಂದು ಫೋಟೋದಲ್ಲಿ ಇದ್ದು ಮುಂದಿನದರಲ್ಲಿ ಇಲ್ಲ, ಸುಮ್ನೆ ಕಣ್ಣು ಮಿಟುಕಿಸಿದ ಹಾಗೆ. ಅಣ್ಣ ನೋಡಿ "ಸ್ಲ್ಯಾಬ್ ಎಲ್ಲೋ?" ಅಂದ. ಮೇಲಿನ ಮಹಡಿ ಹೊತ್ತಿಗೆ ಮೇಸ್ತ್ರಿಗೆ ಮೊದಲೇ ಹೇಳಿಟ್ಟಿದ್ದೆ. ಅವರು ಹಿಂದಿನ ಸಂಜೆ ಫೋನ್ ಮಾಡಿ "ನಾಳೆ ಸ್ಲ್ಯಾಬ್ ಅದ ರೀ" ಅಂದರು. ಅದೊಂದು ದಿನಕ್ಕೆ 30 ಸೆಕೆಂಡಿಗೆ ಇಟ್ಟೆ. ಅದೇ ಒಂಬತ್ತು ಗಂಟೆ, 1,080 ಫೋಟೋ, 43 ಸೆಕೆಂಡು. ಜನ ಇದರಲ್ಲೂ ಕುಣಿದ ಹಾಗೆಯೇ ಕಾಣ್ತಾರೆ, ಅದನ್ನ ತಪ್ಪಿಸೋಕೆ ಇನ್ನೂ ಕಡಿಮೆ ಬೇಕು. ಆದರೆ ಹಸಿ ಕಾಂಕ್ರೀಟ್ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಡುತ್ತಾ ಹೋಗೋದು ನೀರು ಹರಿದಷ್ಟು ನಯವಾಗಿ ಬಂತು. ಆಮೇಲೆ ಒಂದು ಬಿಟ್ಟು ಒಂದು ತೆಗೆದು 21 ಸೆಕೆಂಡಿಗೆ ಇಳಿಸಿದೆ. ಜಾಸ್ತಿ ಇದ್ದದ್ದನ್ನ ಕಡಿಮೆ ಮಾಡಬಹುದು, ಕೆಳಗಿನ ಸ್ಲ್ಯಾಬಿನ 54 ಫೋಟೋವನ್ನ ಮಾತ್ರ ಏನು ಮಾಡಿದರೂ ಹಿಗ್ಗಿಸೋಕೆ ಆಗಲಿಲ್ಲ.

ಮೂರನೆಯದು, ದಿನಕ್ಕೊಂದೇ ಫೋಟೋ. ಅತ್ತಿಗೆ ದಿನಾ ಬೆಳಿಗ್ಗೆ ಅದೇ ಮಾಳಿಗೆಯಿಂದ ಫೋನ್‌ನಲ್ಲಿ ತೆಗೆಯುತ್ತಿದ್ದರು. ಭಾನುವಾರ, ಅಮವಾಸ್ಯೆ, ಕೆಲಸ ನಿಂತ ದಿನ ಕಳೆದರೆ 190 ಫೋಟೋ, ಏಳೂವರೆ ಸೆಕೆಂಡು. ವಾಟ್ಸಾಪ್ ಸ್ಟೇಟಸ್‌ಗೆ ಚೆನ್ನ, ಕೈಯಲ್ಲಿ ಹಿಡಿದು ತೆಗೆದದ್ದಕ್ಕೆ ಅಲುಗಾಟ ಬಿಟ್ಟರೆ ತಪ್ಪೇನಿಲ್ಲ. ಗೋಡೆ ಮಾತ್ರ ದಿನಕ್ಕೆ ಇಷ್ಟೆತ್ತರ ಹಾರುತ್ತೆ. ಆದರೆ ಒಂದು ವಿಷಯದಲ್ಲಿ ಅವರದ್ದು ನನ್ನದಕ್ಕಿಂತ ಮೇಲು: ನೆರಳು. ನನ್ನ ಹತ್ತು ನಿಮಿಷದ ವಿಡಿಯೋದಲ್ಲಿ ಒಂದು ದಿನ ಅಂದರೆ 54 ಫೋಟೋ, ಎರಡು ಸೆಕೆಂಡು. ಪ್ರತಿ ಎರಡು ಸೆಕೆಂಡಿಗೊಮ್ಮೆ ನೆರಳು ಈ ಕಡೆಯಿಂದ ಆ ಕಡೆಗೆ ಬೀಸುತ್ತೆ, ಮತ್ತೆ ಶುರು. ಹೀಗೆ 190 ಸಲ, ಹತ್ತತ್ತಿರ ಏಳು ನಿಮಿಷ. ತಲೆನೋವು ಬರುತ್ತೆ. ಮೋಡ ಕವಿದ ದಿನಗಳು ಮಾತ್ರ ನೆಮ್ಮದಿಯಾಗಿ ಓಡುತ್ತವೆ, ನೆರಳೇ ಇಲ್ಲವಲ್ಲ.

ಕೊನೆಗೆ ಎರಡನ್ನೂ ಸೇರಿಸಿದೆ. ಹತ್ತು ನಿಮಿಷದ ಫೋಟೋಗಳಲ್ಲಿ ಮಧ್ಯಾಹ್ನ 12ರಿಂದ 1ರ ಒಳಗಿನವು ಮಾತ್ರ ಇಟ್ಟುಕೊಂಡೆ, ದಿನಕ್ಕೆ ಆರು. 190 ದಿನಕ್ಕೆ 1,140 ಫೋಟೋ, 45 ಸೆಕೆಂಡು. ನೆರಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲುತ್ತೆ. ದಿನದಿಂದ ದಿನಕ್ಕೆ ಗೋಡೆ ಹಾರೋದು ಇದೆ, ಆದರೆ ನೆರಳಿನ ಬೀಸಾಟಕ್ಕಿಂತ ಅದು ಎಷ್ಟೋ ಮೇಲು. ಗೋಡೆ ಏಳುವ ಎರಡು ಒಳ್ಳೆಯ ದಿನ ಮಾತ್ರ ಪೂರ್ತಿ ಇಟ್ಟೆ. ಸ್ಲ್ಯಾಬ್ ಕ್ಯೂರಿಂಗ್ ಆಗುವ ಎರಡು ವಾರ ಏನೂ ಅಲುಗಲ್ಲ, ಅಲ್ಲಿ ದಿನಕ್ಕೆ ಒಂದೇ ಸಾಕು.

ಫೈಲ್ ಹೆಸರಿನ ವಿಷಯ ಮರೆಯಬೇಡಿ. ನನ್ನ ಕ್ಯಾಮೆರಾದಲ್ಲಿ `IMG_9999` ಆದ ಮೇಲೆ ಮತ್ತೆ `IMG_0001` ಬರುತ್ತೆ. ದಿನಕ್ಕೆ 144 ಅಂದರೆ ಎಪ್ಪತ್ತನೇ ದಿನವೇ ಅದು ತಿರುಗುತ್ತೆ, ಒಂದೇ ಫೋಲ್ಡರ್‌ಗೆ ಹಾಕಿದರೆ ಹಳೆಯದರ ಮೇಲೆ ಹೊಸದು ಕೂರಬಹುದು. ಪ್ರತಿ ವಾರದ್ದನ್ನ ಬೇರೆ ಫೋಲ್ಡರ್‌ಗೆ ಹಾಕಿ, ಅಲ್ಲೇ ದಿನ-ಸಮಯದ ಹೆಸರು ಕೊಟ್ಟು, ಆಮೇಲೆ ಒಂದು ಕಡೆ ಸೇರಿಸಿದೆ. ಆ ಹೆಸರು ಇದ್ದರೆ ಹನ್ನೆರಡು ಗಂಟೆಯವನ್ನ ಆರಿಸೋದೂ ಸುಲಭ. ಲಿನಕ್ಸ್‌ನಲ್ಲಿ ಹೀಗೆ:

```
exiftool '-FileName<DateTimeOriginal' -d %Y%m%d_%H%M%S%%-c.%%e .
ffmpeg -framerate 25 -pattern_type glob -i '*_12*.JPG' -vf scale=1920:-2 -pix_fmt yuv420p mane.mp4
```

ಇದಕ್ಕೆ ಕ್ಯಾಮೆರಾದ ಗಡಿಯಾರ ಸರಿ ಇರಬೇಕು, ಮೊದಲ ದಿನವೇ ನೋಡಿಕೊಳ್ಳಿ.

ಈಗ ಕಾಂಪೌಂಡ್ ಗೋಡೆ ಶುರುವಾಗಿದೆ. ಮನೆ ಗೋಡೆಗಿಂತ ಗಿಡ್ಡ, ಸಾಲು ಬೇಗ ಮುಗಿಯುತ್ತೆ, ಹದಿನೈದು ಇಪ್ಪತ್ತು ನಿಮಿಷಕ್ಕೊಂದು. ಹಾಗಾಗಿ ಐದು ನಿಮಿಷಕ್ಕೆ ಇಟ್ಟು ಬಂದಿದ್ದೇನೆ.