ಜೇನುಗೂಡು ಕಾಗದ ಮತ್ತು ನೀರು ಸವರಿ ಅಂಟಿಸುವ ಟೇಪ್: 18 ತಿಂಗಳು ಬಳಸಿದ ಮೇಲೆ

ಸೆರಾಮಿಕ್ ಮಗ್ ಮಾಡಿ ಕೊರಿಯರ್‌ನಲ್ಲಿ ಕಳಿಸುವುದು ನನ್ನ ಕೆಲಸ. ಮೊದಲೆಲ್ಲ ಬಬಲ್ ರ‍್ಯಾಪ್ ಸುತ್ತಿ, ದೊಡ್ಡ ರಟ್ಟಿನ ಪೆಟ್ಟಿಗೆಗೆ ಹಾಕಿ, ಮೇಲೆ ಮೂರು ಸುತ್ತು ಪ್ಲಾಸ್ಟಿಕ್ ಟೇಪ್ ಎಳೆಯುತ್ತಿದ್ದೆ. ಈಗ 18 ತಿಂಗಳಿಂದ ಬಬಲ್ ಬದಲು ಜೇನುಗೂಡು ಕಾಗದ, ಪ್ಲಾಸ್ಟಿಕ್ ಟೇಪ್ ಬದಲು ನೀರು ಸವರಿದರೆ ಅಂಟುವ ಕಾಗದದ ಟೇಪ್ ಬಳಸುತ್ತಿದ್ದೇನೆ. ಖರ್ಚು ಹೆಚ್ಚಾಗಿಲ್ಲ, ಒಡೆಯುವುದೂ ಹೆಚ್ಚಾಗಿಲ್ಲ. ಆದರೆ ಮೊದಲ ತಿಂಗಳು ಹಾಗಿರಲಿಲ್ಲ.

ಮೊದಲ 40 ಪಾರ್ಸೆಲ್‌ಗಳಲ್ಲಿ ಮೂರು ಒಡೆದು ಹೋದವು. ಮೂರರಲ್ಲೂ ಮುರಿದದ್ದು ಹಿಡಿಯೇ. ಗ್ರಾಹಕರು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದಾಗ ತಪ್ಪು ನನ್ನದೆಂದು ತಿಳಿಯಿತು: ಕಾಗದ ಚಪ್ಪಟೆಯಾಗಿಯೇ ಇತ್ತು. ಈ ಕಾಗದದಲ್ಲಿ ಸಾಲುಸಾಲಾಗಿ ಸೀಳು ಕೊಟ್ಟಿರುತ್ತಾರೆ. ಎಳೆದಾಗ ಮಾತ್ರ ಸೀಳು ಬಾಯಿ ತೆರೆದು, ಅಂಚುಗಳು ಎದ್ದು ನಿಂತು ಗೂಡಾಗುತ್ತದೆ. ಪೆಟ್ಟನ್ನು ತಡೆಯುವುದು ಆ ಎದ್ದು ನಿಂತ ಅಂಚು. ಬಬಲ್ ರ‍್ಯಾಪನ್ನು ಹೇಗೆ ಸುತ್ತಿದರೂ ಒಳಗೆ ಗಾಳಿ ಇದ್ದೇ ಇರುತ್ತದೆ. ಇದನ್ನು ಎಳೆಯದೆ ಸುತ್ತಿದರೆ ಬರೀ ಕಾಗದ ಸುತ್ತಿದ ಹಾಗೆ.

ಸರಿಯಾಗಿ ಎಳೆದಿದ್ದೀರೋ ಇಲ್ಲವೋ ಎಂದು ಅಂಗೈಯಿಂದಲೇ ತಿಳಿಯಬಹುದು. ಸವರಿದರೆ ತುರಿಮಣೆಯಂತೆ ತರಿತರಿಯಾಗಿರಬೇಕು, ನುಣ್ಣಗಿದ್ದರೆ ಮತ್ತೆ ಎಳೆಯಿರಿ. ಸುತ್ತುವಾಗಲೂ ಬಿಗಿ ಬಿಡಬಾರದು, ಕೈ ಸಡಿಲಿಸಿದರೆ ಗೂಡು ಮುಚ್ಚಿಕೊಳ್ಳುತ್ತದೆ. ಎರಡನೇ ಸುತ್ತಿನ ಗೂಡುಗಳು ಮೊದಲನೆಯದಕ್ಕೆ ಕಚ್ಚಿಕೊಳ್ಳುವುದರಿಂದ ಟೇಪ್ ಬೇಕಿಲ್ಲ. ಎಳೆದಾಗ ಕಾಗದದ ಅಗಲ ಕಡಿಮೆಯಾಗುತ್ತದೆ, ರೋಲ್ ಕೊಳ್ಳುವಾಗ ಇದು ನೆನಪಿರಲಿ. ಮಗ್‌ಗೆ ನಾನು ಮೂರು ಸುತ್ತು ಹಾಕುತ್ತೇನೆ. ಅದಕ್ಕೂ ಮೊದಲು ಹಿಡಿಯ ಕಿಂಡಿಗೆ ಕಾಗದದ ಉಂಡೆ ತುರುಕುತ್ತೇನೆ. ಹಿಡಿ ಮುರಿಯುವುದು ನಿಲ್ಲಲು ಮುಖ್ಯ ಕಾರಣ ಈ ಉಂಡೆ.

ಇನ್ನು ಖರ್ಚು. ಜೇನುಗೂಡು ಕಾಗದ ಮೀಟರಿಗೆ ನನಗೆ ಬಬಲ್‌ಗಿಂತ ದುಬಾರಿಯೇ ಬೀಳುತ್ತದೆ. ಉಳಿತಾಯವಾದದ್ದು ಪೆಟ್ಟಿಗೆಯ ಅಳತೆಯಲ್ಲಿ. ಹಳೆಯ ಪೆಟ್ಟಿಗೆ 22×18×16 ಸೆಂ.ಮೀ. ಉದ್ದ, ಅಗಲ, ಎತ್ತರ ಗುಣಿಸಿ 5000ರಿಂದ ಭಾಗಿಸಿ ಗಾತ್ರದ ತೂಕ ಲೆಕ್ಕ ಹಾಕುವುದು ಕೊರಿಯರ್‌ನವರ ಸಾಮಾನ್ಯ ರೂಢಿ. ಹಾಗೆ ನೋಡಿದರೆ ಅದು 1.27 ಕಿಲೋ, ಅರ್ಧ ಕಿಲೋ ಹಂತದ ದರದಲ್ಲಿ ಒಂದೂವರೆ ಕಿಲೋಗೆ ದುಡ್ಡು ಕಟ್ಟುತ್ತಿದ್ದೆ. ಒಳಗಿದ್ದದ್ದು ಅರ್ಧ ಕಿಲೋ ಸಾಮಾನು, ಉಳಿದದ್ದು ಗಾಳಿ. ಹೊಸ ಪೆಟ್ಟಿಗೆ 16×13×14, ಅಂದರೆ 0.58, ಬಿಲ್ ಒಂದು ಕಿಲೋಗೆ ಇಳಿಯಿತು. ಕಾಗದಕ್ಕೆ ಹೆಚ್ಚು ಕೊಟ್ಟದ್ದನ್ನು ಅದು ತುಂಬಿ ಇನ್ನೂ ಮಿಗಿಸಿತು. ನಿಮ್ಮ ಕೊರಿಯರ್‌ನವರು ಯಾವ ಸಂಖ್ಯೆಯಿಂದ ಭಾಗಿಸುತ್ತಾರೆಂದು ಮೊದಲು ಕೇಳಿಕೊಳ್ಳಿ, ಎಲ್ಲರದೂ ಒಂದೇ ಅಲ್ಲ.

ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಮಗ್ಗಿನ ಸುತ್ತ ಉಳಿಯುವುದು ಬರೀ ಎರಡು ಸೆಂಟಿಮೀಟರ್. ಸಾಕೇ ಎಂದು ಬೀಳಿಸಿಯೇ ನೋಡಿದೆ. ಗ್ಲೇಜ್ ಕೆಟ್ಟ ಮಗ್ಗನ್ನು ಪ್ಯಾಕ್ ಮಾಡಿ, 76 ಸೆಂ.ಮೀ. ಎತ್ತರದಿಂದ ಹತ್ತು ಸಲ: ಒಂದು ಮೂಲೆ, ಆ ಮೂಲೆಗೆ ಕೂಡುವ ಮೂರು ಅಂಚು, ಆಮೇಲೆ ಆರು ಮುಖ. ಒಂದು ಪ್ಯಾಕಿಂಗ್ ವಿಧಾನ ಒಪ್ಪುವ ಮೊದಲು ಐದು ಮಗ್‌ಗಳಿಗೆ ಹೀಗೆ ಮಾಡುತ್ತೇನೆ. ಮಗ್ ಉಳಿದರೂ ಬಿಚ್ಚಿ ನೋಡಬೇಕು. ನನಗೆ ತಳದ ಗೂಡುಗಳು ಪೂರ್ತಿ ಚಪ್ಪಟೆಯಾಗಿದ್ದು ಕಂಡಿತು, ಅಲ್ಲಿಗೆ ರಟ್ಟಿನ ಒಂದು ತುಂಡು ಸೇರಿಸಿದೆ. ಕಳೆದ 300 ಪಾರ್ಸೆಲ್‌ಗಳಲ್ಲಿ ಒಡೆದದ್ದು ಎರಡು. ಬಬಲ್ ಕಾಲದಲ್ಲೂ ಹೆಚ್ಚುಕಮ್ಮಿ ಇಷ್ಟೇ ಇತ್ತು.

ಟೇಪ್ ಬಗ್ಗೆ ದೂರು ಕಡಿಮೆ. ಅಂಟು ರಟ್ಟಿನ ನಾರಿಗೇ ಹಿಡಿಯುವುದರಿಂದ ಒಂದೇ ಪಟ್ಟಿ ಸಾಕು, ಕಿತ್ತರೆ ರಟ್ಟಿನ ಪದರವೂ ಜೊತೆಗೇ ಬರುತ್ತದೆ. ನೀರು ಹೆಚ್ಚಾದರೆ ಅಂಟು ತೊಳೆದುಹೋಗುತ್ತದೆ, ಕಡಿಮೆಯಾದರೆ ತುದಿ ಏಳುತ್ತದೆ. ಸ್ಪಾಂಜ್ ಒದ್ದೆ ಇರಲಿ, ತೊಟ್ಟಿಕ್ಕದಿರಲಿ. ನುಣುಪು ಲೇಪನದ ಪೆಟ್ಟಿಗೆಗೆ ಇದು ಹಿಡಿಯುವುದಿಲ್ಲ. ಒಳಗೆ ಗಾಜಿನ ನಾರಿನ ಎಳೆ ಇರುವ ಬಗೆಯೂ ಸಿಗುತ್ತದೆ. ಹಗುರ ಪಾರ್ಸೆಲ್‌ಗೆ ಅದು ಬೇಡ, ಬರೀ ಕಾಗದದ್ದೇ ಇರಲಿ.

ಎರಡು ಕಡೆ ಇದು ಸೋಲುತ್ತದೆ. ಒಮ್ಮೆ ಚಪ್ಪಟೆಯಾದ ಗೂಡು ಬಬಲ್‌ನಂತೆ ಮತ್ತೆ ಉಬ್ಬುವುದಿಲ್ಲ, ಹಾಗಾಗಿ ಎರಡು ಕಿಲೋ ತೂಗುವ ದೊಡ್ಡ ಬೋಗುಣಿಗೆ ನಾನಿದನ್ನು ನಂಬುವುದಿಲ್ಲ. ಅದಕ್ಕೆ ರಟ್ಟಿನ ಮಡಿಕೆಗಳ ಗೋಡೆ ಕಟ್ಟುತ್ತೇನೆ. ಇನ್ನೊಂದು ತೇವ. ರಟ್ಟು ತೇವ ಹೀರಿದರೆ ಮೇಲಿನ ಭಾರಕ್ಕೆ ಕುಸಿಯುತ್ತದೆ, ಕಾಗದದ ಗೂಡೂ ಮೆತ್ತಗಾಗುತ್ತದೆ. ಮಳೆಯ ದಿನಗಳಲ್ಲಿ ದೂರ ಹೋಗುವ ಪಾರ್ಸೆಲ್‌ಗೆ ಮಾತ್ರ ಈಗಲೂ ಪೆಟ್ಟಿಗೆಯ ಮೇಲೆ ಒಂದು ತೆಳು ಪ್ಲಾಸ್ಟಿಕ್ ಚೀಲ ಹಾಕುತ್ತೇನೆ. ಅದನ್ನು ಬಿಡಿಸುವ ದಾರಿ ನನಗಿನ್ನೂ ಸಿಕ್ಕಿಲ್ಲ.