ಇಂಟರ್ನ್ ಆಗಿ ಸೇರುವವರೇ, ನಿಮ್ಮ ಹೆಸರಿನ ಟೈಮ್‌ಶೀಟ್ ಬೇರೆಯವರ ಕೈಗೆ ಬಿಡಬೇಡಿ

ಕಲಬುರಗಿಯ ಒಂದು ಖಾಸಗಿ ಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದಾಗ ನಡೆದದ್ದು ಇದು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಸರ್ಕಾರಿ ಕಚೇರಿಯೊಂದರ ಹಳೇ ಕಡತ ಸ್ಕ್ಯಾನ್ ಮಾಡುವ ಗುತ್ತಿಗೆ ಅವರದು. ನಾವು ಇಂಟರ್ನ್‌ಗಳು ಆ ಕಚೇರಿಯಲ್ಲೇ ಕೂತು ಕೆಲಸ ಮಾಡುತ್ತಿದ್ದೆವು. ನಾವು ಬರೆದ ಗಂಟೆ ಲೆಕ್ಕದ ಮೇಲೆ ಸಂಸ್ಥೆ ಬಿಲ್ ಹಾಕುತ್ತಿತ್ತು. ಎಲ್ಲ ತಾಪತ್ರಯದ ಬೇರು ಅಲ್ಲೇ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳಿಗೆ ಬಿಸಿಲಿನ ವೇಳೆ: ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಬಾಗಿಲು ಹಾಕಿದ ಮೇಲೆ ಕಡತ ಮುಟ್ಟುವ ಹಾಗಿಲ್ಲ. ಅಂದರೆ ದಿನಕ್ಕೆ ಐದೂವರೆ ಗಂಟೆ. ಟೈಮ್‌ಶೀಟ್‌ನಲ್ಲಿ ಅದನ್ನು 5.5 ಎಂದು ಹಾಕಬೇಕು. ಗಡಿಯಾರ ನೋಡಿ 5.30 ಎಂದು ಹೊಡೆದರೆ ಹಾಳೆ ಅದನ್ನು 5.3 ಎಂದೇ ಕೂಡುತ್ತದೆ, ಪ್ರತಿ ದಿನ 12 ನಿಮಿಷ ಹೋಯಿತು. ಇದು ಚಿಲ್ಲರೆ ವಿಷಯ ಅನಿಸಬಹುದು, ಆದರೆ ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ಒದ್ದಾಡುವವರು ನಾವೇ.

ನಾನು 5.5 ಎಂದೇ ಬರೆಯುತ್ತಿದ್ದೆ. ಟೀಮ್ ಲೀಡ್ ಒಮ್ಮೆ ಬಂದು, "ಎಲ್ಲಾರೂ ಎಂಟ್ ಬರೀರಿ. ಯಾರ್ ನೋಡ್ತಾರ? ಬಿಲ್ ಹಂಗ ಹೋಗ್ತದ" ಅಂದರು. "ಕಚೇರಿನೇ ಒಂದೂವರೆಗೆ ಮುಚ್ತದಲ್ರಿ ಸರ್" ಅಂದೆ. ಅವರು ಮಾತು ಬೆಳೆಸಲಿಲ್ಲ. ಟೈಮ್‌ಶೀಟ್ ಇದ್ದ ಗೂಗಲ್ ಶೀಟ್ ಎಲ್ಲರಿಗೂ ತೆರೆದೇ ಇತ್ತು. ಆಮೇಲೆ ಅವರೇ ಕೂತು ತಿದ್ದಿದ್ದಾರೆ.

ಸಿಕ್ಕಿಬಿದ್ದದ್ದು ಅಂಬೇಡ್ಕರ್ ಜಯಂತಿಯಿಂದ. ಏಪ್ರಿಲ್ 14 ಇದ್ದ ಆ ವಾರ ನಾವು ನಿಜಕ್ಕೂ ಕೆಲಸ ಮಾಡಿದ್ದು ಐದು ದಿನ, ತಲಾ 27.5 ಗಂಟೆ. ಬಿಲ್ಲಿಗೆ ಲಗತ್ತಿಸಿದ ಹಾಳೆಯಲ್ಲಿ ಆರು ದಿನ, 48 ಗಂಟೆ. ಅವಸರದಲ್ಲಿ ರಜೆಯ ದಿನಕ್ಕೂ 8 ತುಂಬಿದ್ದರು! ಆ ಕಚೇರಿಯ ಗುಮಾಸ್ತರು ತಮ್ಮ ಹಾಜರಿ ಪುಸ್ತಕ ಪಕ್ಕದಲ್ಲಿಟ್ಟು ನೋಡಿದರು, ಬಿಲ್ ವಾಪಸ್ ಬಂತು. ಬಂದ ಕೂಡಲೇ ಸಂಸ್ಥೆಯವರು ನಮ್ಮನ್ನು ಕರೆಸಿ, "ತಪ್ಪು ಸಮಯ ನಮೂದಿಸಿದ್ದು ನಾವೇ" ಎಂದು ಬರೆದುಕೊಡಿ, ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ ಅಂದರು. ಹೆದರಿ ಇಬ್ಬರು ಬರೆದೂ ಕೊಟ್ಟರು. ಅವರನ್ನು ದೂರಲಾರೆ, ಆದರೆ ಆ ಕಾಗದ ಇವತ್ತಿಗೂ ಸಂಸ್ಥೆಯ ಫೈಲಿನಲ್ಲಿದೆ.

ನನ್ನನ್ನು ಉಳಿಸಿದ್ದು ಎರಡು. ವಾರದ ಕೊನೆಗೆ ನನ್ನ ಹಾಳೆಯನ್ನು ಪಿಡಿಎಫ್ ಮಾಡಿ ಲೀಡ್‌ಗೂ ಎಚ್‌ಆರ್‌ಗೂ ಮೇಲ್ ಮಾಡುತ್ತಿದ್ದೆ. ಇನ್ನೊಂದು, ಗೂಗಲ್ ಶೀಟ್‌ನಲ್ಲಿ ಆ ಚೌಕದ ಮೇಲೆ ಬಲ ಕ್ಲಿಕ್ ಮಾಡಿ Show edit history ಒತ್ತಿದರೆ ಯಾರು, ಯಾವಾಗ, ಏನನ್ನು ಏನು ಮಾಡಿದರು ಎಂದು ತೋರಿಸುತ್ತದೆ. 5.5 ಇದ್ದದ್ದು 8 ಆದ ಜಾಗದಲ್ಲಿ ಲೀಡ್ ಹೆಸರಿತ್ತು. ಅವರ ಎದುರೇ ತೆರೆದು ತೋರಿಸಿದೆ. ಇದನ್ನು ನೋಡಲು ಎಡಿಟ್ ಅನುಮತಿ ಬೇಕು, ಜಗಳ ಶುರುವಾದರೆ ಮೊದಲು ಅದನ್ನೇ ಕಿತ್ತುಕೊಳ್ಳುತ್ತಾರೆ. ಹಾಗಾಗಿ ಸ್ಕ್ರೀನ್‌ಶಾಟ್ ಮೊದಲು, ಮಾತು ಆಮೇಲೆ. ಮಧ್ಯಾಹ್ನ ಸಂಸ್ಥೆಯ ಕೋಣೆಗೆ ಬಂದು ನಿಜವಾಗಿ ಏನಾದರೂ ಮಾಡಿದ್ದರೆ ಅದನ್ನು ಬೇರೆ ಸಾಲಿನಲ್ಲಿ, "ತರಬೇತಿ" ಅಥವಾ "ಸಂಸ್ಥೆಯ ಒಳಗಿನ ಕೆಲಸ" ಎಂದು ಬರೆಯಿರಿ. ಬಿಲ್ ಹೋಗುವ ಸರ್ಕಾರಿ ಕಚೇರಿಯ ಸಾಲಿಗೆ ಸೇರಿಸಬೇಡಿ.

ಸಂಸ್ಥೆಯವರು ಅಷ್ಟಕ್ಕೇ ಬಿಡಲಿಲ್ಲ, ರಜೆ ಹಿಡಿದು ಕೆದಕಿದರು. ಯಾದಗಿರಿಯಲ್ಲಿ ಅಕ್ಕನ ಮನೆ ಕಾರ್ಯಕ್ರಮಕ್ಕೆ ಶನಿವಾರ, ಸೋಮವಾರ ಎರಡು ದಿನ ರಜೆ ಹಾಕಿದ್ದೆ. ಅವರ ಲೆಕ್ಕದಲ್ಲಿ ಮೂರು. ನಡುವಿನ ಭಾನುವಾರವನ್ನೂ ರಜೆಗೆ ಸೇರಿಸುವ ಈ ನಿಯಮಕ್ಕೆ ಸ್ಯಾಂಡ್‌ವಿಚ್ ಅನ್ನುತ್ತಾರೆ. ಎಲ್ಲ ಕಡೆ ಇರುವುದಿಲ್ಲ. ನನ್ನ ಆಫರ್ ಲೆಟರ್ ತೆಗೆದು ನೋಡಿದರೆ ಅದರ ಸುದ್ದಿಯೇ ಇರಲಿಲ್ಲ. ಅದನ್ನೇ ಮೇಲ್‌ನಲ್ಲಿ ಬರೆದು ಕೇಳಿದ ಮೇಲೆ ಒಂದು ದಿನದ ಸ್ಟೈಪೆಂಡ್ ವಾಪಸ್ ಹಾಕಿದರು. ಜೊತೆಗಿದ್ದ ಹುಡುಗನೊಬ್ಬನಿಗೆ ಲೀಡ್ ಫೋನಿನಲ್ಲಿ "ಹೋಗಿ ಬಾ ತಮ್ಮಾ" ಅಂದಿದ್ದರು. ಪೋರ್ಟಲ್‌ನಲ್ಲಿ ಅರ್ಜಿ Pending ಅಂತಲೇ ಉಳಿದು, ಅವನದು ಗೈರುಹಾಜರಿ ಆಯಿತು.

ಸೇರುವ ಮೊದಲೇ ಒಂದು ತಿಳಿದುಕೊಳ್ಳಿ. ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ನೋಂದಣಿಯಾಗಿದ್ದರೆ, ಆ ಸಂಸ್ಥೆಯಲ್ಲಿ ಪಾಲಿಸುವ ರಜೆಗಳಿಗೆ ನೀವೂ ಹಕ್ಕುದಾರರು. ಬರೀ ಇಂಟರ್ನ್ ಆದರೆ ಆ ಕಾಯ್ದೆಯ ಆಸರೆ ಇಲ್ಲ, ಪತ್ರದಲ್ಲಿ ಬರೆದದ್ದಷ್ಟೇ ನಿಮ್ಮದು. ಎಷ್ಟು ರಜೆ, ಯಾರು ಮಂಜೂರು ಮಾಡಬೇಕು, ಹೆಚ್ಚಾದರೆ ಸ್ಟೈಪೆಂಡ್ ಕಡಿತವೋ ಅವಧಿ ವಿಸ್ತರಣೆಯೋ, ಇಷ್ಟು ಪತ್ರದಲ್ಲಿ ಇಲ್ಲದಿದ್ದರೆ ಸಹಿ ಹಾಕುವ ಮೊದಲೇ ಮೇಲ್‌ನಲ್ಲಿ ಕೇಳಿ ಉತ್ತರ ತೆಗೆದುಕೊಳ್ಳಿ. ಸಂಸ್ಥೆ ಯಾವುದು ಎಂದು ಕೇಳಿ ಮೆಸೇಜ್ ಮಾಡಬೇಡಿ, ಹೇಳುವುದಿಲ್ಲ.